ಹಕ್ಕಿಗೆ ಒಂದು ರಾತ್ರಿ, ಕರಡಿಗೆ ಇಡೀ ಚಳಿಗಾಲ

ಪೆರು ದೇಶದ ಆಂಡೀಸ್ ಪರ್ವತದಲ್ಲಿ, ಸುಮಾರು 3,800 ಮೀಟರ್ ಎತ್ತರದಲ್ಲಿ, ನಡುರಾತ್ರಿ ಹಮ್ಮಿಂಗ್ ಬರ್ಡ್ ಒಂದನ್ನು ಮುಟ್ಟಿ ನೋಡಿದವರು ಅದು ಸತ್ತೇಹೋಗಿದೆ ಅಂದುಕೊಳ್ಳಬಹುದು. ಮೈ ತಣ್ಣಗೆ ಕೊರೆಯುತ್ತಿರುತ್ತದೆ, ಮುಟ್ಟಿದರೂ ಕದಲುವುದಿಲ್ಲ. ಅಲ್ಲಿನ ಬ್ಲ್ಯಾಕ್ ಮೆಟಲ್‌ಟೇಲ್ ಎಂಬ ಜಾತಿಯ ಹಕ್ಕಿಯೊಂದರ ಮೈ ಶಾಖ 3.3 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಹಗಲಿನಲ್ಲಿ ಅದೇ ಮೈ ನಮಗಿಂತ ಬಿಸಿ.

ಈ ಸ್ಥಿತಿಗೆ ವಿಜ್ಞಾನಿಗಳು ಟಾರ್ಪರ್ ಎನ್ನುತ್ತಾರೆ. ಹಾರುವಾಗ ನಿಮಿಷಕ್ಕೆ ಸಾವಿರ ದಾಟುವ ಎದೆಬಡಿತ ಆಗ ಐವತ್ತರ ಆಸುಪಾಸಿಗೆ ಬರುತ್ತದೆ. ಇದಕ್ಕೆ ಕಾರಣ ಗಾತ್ರ. ಕೆಲವೇ ಗ್ರಾಂ ತೂಕದ ದೇಹದಿಂದ ಶಾಖ ಬೇಗನೆ ಸೋರಿಹೋಗುತ್ತದೆ. ಹಗಲೆಲ್ಲ ಹೀರಿದ ಮಕರಂದವನ್ನು ರಾತ್ರಿ ಮೈ ಬಿಸಿ ಮಾಡಲು ಉರಿಸುತ್ತ ಕೂತರೆ ಬೆಳಗಿನ ಹೊತ್ತಿಗೆ ಏನೂ ಉಳಿಯದು. ಹಾಗಾಗಿ ಹಕ್ಕಿ ಬಿಸಿಯ ಆಸೆಯನ್ನೇ ಬಿಡುತ್ತದೆ. ಆದರೆ ಇದು ಪುಕ್ಕಟೆಯಲ್ಲ: ಬೆಳಗಿನ ಜಾವ ಹಾರಾಟದ ಸ್ನಾಯುಗಳನ್ನು ಗಡಗಡ ನಡುಗಿಸಿ ಮತ್ತೆ ಮೈ ಕಾಯಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಕೊಬ್ಬನ್ನು ಉಳಿಸಿಕೊಂಡಿರದ ಹಕ್ಕಿ ಏಳುವುದೇ ಇಲ್ಲ. ಅಲ್ಲಿಯವರೆಗೆ ಯಾವ ಬೇಟೆಪ್ರಾಣಿ ಬಂದರೂ ಓಡುವ ಶಕ್ತಿಯಿಲ್ಲ.

ಟಾರ್ಪರ್ ಎಂಬುದು ದೇಹದ ಸ್ಥಿತಿ, ಕೆಲವೇ ಗಂಟೆಗಳದ್ದಾಗಿರಬಹುದು. ಅದೇ ಸ್ಥಿತಿ ಒಂದು ಸಲಕ್ಕೆ ದಿನಗಟ್ಟಲೆ, ವಾರಗಟ್ಟಲೆ ಎಳೆದು, ಋತು ಮುಗಿಯುವತನಕ ನಡೆದರೆ ಅದು ಶಿಶಿರನಿದ್ರೆ. ಮೈ ಎಷ್ಟು ತಣ್ಣಗಾಯಿತು ಎಂಬುದರಿಂದ ಇವೆರಡನ್ನು ಬೇರೆ ಮಾಡಲಾಗದು. ಇದಕ್ಕೆ ಕರಡಿಯೇ ಸಾಕ್ಷಿ.

ಕರಡಿಯ ಮೈ ಹೆಚ್ಚು ತಣ್ಣಗಾಗುವುದಿಲ್ಲವೆಂಬ ಕಾರಣಕ್ಕೆ ಅದರದ್ದು ನಿಜವಾದ ಶಿಶಿರನಿದ್ರೆಯೇ ಅಲ್ಲ ಎಂದು ವಾದಿಸುವವರು ಬಹುಕಾಲ ಇದ್ದರು. ಅಲಾಸ್ಕಾದ ಸಂಶೋಧಕರು ಕಪ್ಪು ಕರಡಿಗಳನ್ನು ಕೃತಕ ಗುಹೆಗಳಲ್ಲಿ ಮಲಗಲು ಬಿಟ್ಟು, ಅವು ಉಸಿರಾಡುವ ಆಮ್ಲಜನಕವನ್ನು ಚಳಿಗಾಲವಿಡೀ ಅಳೆದರು. 2011ರಲ್ಲಿ ಹೊರಬಂದ ಆ ಫಲಿತಾಂಶ ಬೇರೆಯೇ ಕಥೆ ಹೇಳಿತು. ಮೈ ಶಾಖ 30ರಿಂದ 36 ಡಿಗ್ರಿಯ ನಡುವೆಯೇ ಏರಿಳಿಯುತ್ತಿತ್ತು, ಆದರೆ ದೇಹ ಉರಿಸುವ ಶಕ್ತಿ ಮಾಮೂಲಿ ವಿಶ್ರಾಂತಿಯ ಕಾಲಭಾಗಕ್ಕೆ ಕುಸಿದಿತ್ತು. ಬರೀ ತಣ್ಣಗಾದದ್ದರಿಂದ ಇಷ್ಟು ಇಳಿಯುವುದು ಸಾಧ್ಯವಿಲ್ಲ. ದೇಹವೇ ಒಳಗಿನಿಂದ ಉರಿಯನ್ನು ತಗ್ಗಿಸಿಕೊಂಡಿತ್ತು. ದಪ್ಪ ತುಪ್ಪಳ, ದೊಡ್ಡ ಮೈ ಇರುವುದರಿಂದ ಆ ಸಣ್ಣ ಉರಿಯ ಶಾಖವೇ ಸಾಲುತ್ತದೆ. ತಿನ್ನದೆ, ಕುಡಿಯದೆ, ಮೂತ್ರ ಹೊಯ್ಯದೆ ಐದರಿಂದ ಏಳು ತಿಂಗಳು ಕಳೆಯುವ ಈ ಪ್ರಾಣಿ ಅಪಾಯ ಬಂದರೆ ಎದ್ದು ಎದುರಿಸಬಲ್ಲದು. ತಾಯಿಕರಡಿ ಮರಿ ಹಾಕಿ ಹಾಲೂಡಿಸುವುದೂ ಈ ಗುಹೆಯಲ್ಲೇ.

ಎಲ್ಲ ಕರಡಿಗಳೂ ಹೀಗಲ್ಲ. ವರ್ಷವಿಡೀ ಗೆದ್ದಲು, ಹಣ್ಣು ಸಿಗುವ ನಮ್ಮ ದರೋಜಿಯ ಕರಡಿಗಳಿಗೆ ಇದರ ಗೊಡವೆಯೇ ಇಲ್ಲ.

ಅಲಾಸ್ಕಾದ ಕರಡಿ ವಸಂತದಲ್ಲಿ ಗುಹೆಯಿಂದ ಹೊರಬಂದಾಗ ಮೈ ಶಾಖ ಮಾಮೂಲಿಗೆ ಮರಳಿರುತ್ತದೆ. ಆದರೂ ಒಳಗಿನ ಉರಿ ಅರ್ಧದಷ್ಟೇ. ಅದು ಪೂರ್ತಿಯಾಗಲು ಇನ್ನೂ ಎರಡು ಮೂರು ವಾರ ಬೇಕು.