ಡಬ್ಬದ ಮೇಲಿನ 0-3: ಯಾರಿಗೆ, ಯಾರಿಗಲ್ಲ?

ಪರದೇಶದಿಂದ ಬಂದ ನೆಂಟರು ಮಗುವಿಗೊಂದು ಆಟಿಕೆ ತಂದಿರುತ್ತಾರೆ. ಡಬ್ಬದ ಮೇಲಿನ ಸಣ್ಣಕ್ಷರ ತಿಳಿಯದೆ ಮನೆಯವರು ಫೋಟೊ ತೆಗೆದು, ಇಂಗ್ಲಿಷ್ ಬಲ್ಲ ಯಾರಿಗೋ ವಾಟ್ಸ್ಆ್ಯಪ್ ಮಾಡುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ.

ಯುರೋಪಿನ ಡಬ್ಬಗಳ ಮೇಲೆ ಒಂದು ದುಂಡನೆಯ ಗುರುತು ಇರುತ್ತದೆ. ಕೆಂಪು ವೃತ್ತ, ಒಳಗೆ ಮಗುವಿನ ಮುಖ, ಪಕ್ಕದಲ್ಲಿ 0-3 ಎಂಬ ಅಂಕಿ, ಇವೆಲ್ಲದರ ಮೇಲೆ ಓರೆಯಾಗಿ ಎಳೆದ ಕೆಂಪು ಗೆರೆ. ಅಡ್ಡಳತೆ 10 ಮಿಲಿಮೀಟರ್ ಇದ್ದರೂ ನಿಯಮಕ್ಕೆ ಸಾಕು. ಟ್ಯೂಬ್‌ಲೈಟಿನ ಕೆಳಗೆ, ಹೊಳೆಯುವ ಪ್ಲಾಸ್ಟಿಕ್ ಮೇಲಿಂದ ತೆಗೆದ ಫೋಟೊದಲ್ಲಿ ಆ ಗೆರೆ ಮಾಸಿಹೋಗಿ 0-3 ಮಾತ್ರ ಉಳಿದುಬಿಡಬಹುದು. ಆಗ ‘ಮೂರು ವರ್ಷ ತುಂಬದ ಮಕ್ಕಳಿಗೆ ಕೊಡಬೇಡಿ’ ಅನ್ನುವುದು ‘ಮೂರು ವರ್ಷದೊಳಗಿನವರಿಗೆ ಹೇಳಿ ಮಾಡಿಸಿದ್ದು’ ಎಂದಾಗುತ್ತದೆ.

ಅಮೆರಿಕದ ಡಬ್ಬದಲ್ಲಿ ತೊಡಕು ಬೇರೆ. ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಬ್ಲಾಕ್‌ಗಳ ಒಂದು ಡಬ್ಬ ತೆಗೆದುಕೊಳ್ಳಿ. ಮುಂಭಾಗದಲ್ಲಿ ದೊಡ್ಡದಾಗಿ ‘4+’ ಎಂದಿದೆ. ಕೆಳಗೆ ಒಂದು ಚೌಕದೊಳಗೆ ‘ಚೋಕಿಂಗ್ ಹಜಾರ್ಡ್, ಸ್ಮಾಲ್ ಪಾರ್ಟ್ಸ್, ನಾಟ್ ಫಾರ್ ಚಿಲ್ಡ್ರನ್ ಅಂಡರ್ 3 ಇಯರ್ಸ್’ ಎಂದಿದೆ. ಈ ಎರಡು ಅಂಕಿಗಳ ಕೆಲಸ ಒಂದೇ ಅಲ್ಲ. ನಾಲ್ಕು ಎಂದರೆ ಈ ಆಟ ಯಾವ ವಯಸ್ಸಿಗೆ ಹೊಂದುತ್ತದೆ ಎಂಬ ತಯಾರಕರ ಸಲಹೆ. ಮೂರು ಎಂದರೆ ಜೀವಕ್ಕೆ ಸಂಬಂಧಿಸಿದ ಗಡಿ. ‘ನಮ್ಮ ಪಾಪು ಜಾಣ, ಎರಡಕ್ಕೇ ಆಡುತ್ತೆ’ ಎಂಬ ಅಜ್ಜಿಯ ಹೆಮ್ಮೆ ಮೊದಲನೆಯದರ ಹತ್ತಿರ ನಡೆದೀತು, ಎರಡನೆಯದರ ಹತ್ತಿರ ನಡೆಯದು. ಗಂಟಲಿನ ಅಳತೆಗೂ ಜಾಣತನಕ್ಕೂ ಸಂಬಂಧವಿಲ್ಲ.

ಆ ಗಡಿ ಒಂದು ಅಳತೆಯ ಮೇಲೆ ನಿಂತಿದೆ. ಆಟಿಕೆ ಪರೀಕ್ಷಿಸುವವರ ಬಳಿ 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇರುತ್ತದೆ. ಅದರ ತಳ ಓರೆ. ಒಂದು ಕಡೆ ಆಳ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಒತ್ತದೆ, ಹಿಚುಕದೆ ಬಿಟ್ಟಾಗ ಯಾವ ತುಂಡು ಅದರೊಳಗೆ ಪೂರ್ತಿ ಇಳಿಯುತ್ತದೋ ಅದು ‘ಸಣ್ಣ ಭಾಗ’. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ, ಸಲೀಸಾಗಿ ಇಳಿಯುತ್ತದೆ.

ವಯಸ್ಸನ್ನು ಕನ್ನಡದಲ್ಲಿ ಹೇಳುವಾಗಲೂ ಎಚ್ಚರ ಬೇಕು. ‘ಮಗುವಿಗೆ ಮೂರನೇ ವರ್ಷ’ ಎಂದರೆ ನಮ್ಮಲ್ಲಿ ಎರಡು ತುಂಬಿ ಮೂರು ನಡೆಯುತ್ತಿದೆ ಎಂದರ್ಥ. ಡಬ್ಬ ಕೇಳುವುದು 36 ತಿಂಗಳು ಮುಗಿದಿದೆಯೇ ಎಂದು. ಹಾಗಾಗಿ ‘ಮೂರು ವರ್ಷ ತುಂಬದ’ ಎಂದೇ ಬರೆಯಬೇಕು.

ಅಪಾಯದ ಹೆಸರೂ ಅಷ್ಟೇ. ‘ಉಸಿರುಗಟ್ಟುವ ಅಪಾಯ’ ಎಂದು ಎಲ್ಲದಕ್ಕೂ ಬರೆದು ಕೈತೊಳೆದುಕೊಂಡರೆ ತಾಯಿಗೆ ಏನನ್ನು ದೂರ ಇಡಬೇಕೆಂದೇ ತಿಳಿಯುವುದಿಲ್ಲ. ಚೋಕಿಂಗ್ ಎಂದರೆ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಸಫೊಕೇಶನ್ ಎಂದರೆ ಪ್ಲಾಸ್ಟಿಕ್ ಚೀಲ ಮೂಗು ಬಾಯಿಗೆ ಕವಿದುಕೊಳ್ಳುವುದು. ಸ್ಟ್ರ್ಯಾಂಗ್ಯುಲೇಶನ್ ಎಂದರೆ ದಾರ ಕುತ್ತಿಗೆಗೆ ಸುತ್ತಿಕೊಳ್ಳುವುದು.

ದಾರದ ಮಾತು ಬಂದಾಗ ಮಗುವಿನ ಮಂಚದ ಮೇಲೆ ತೂಗಾಡುವ ಗೊಂಬೆಗಳ ಗೊಂಚಲನ್ನು ನೋಡಬೇಕು. ಮಗು ಕೈ, ಮೊಣಕಾಲು ಊರಿ ಮೈ ಎತ್ತಲು ಶುರುಮಾಡಿದ ಕೂಡಲೇ ತೆಗೆದುಬಿಡಿ ಎಂದು ಅದರ ಡಬ್ಬ ಹೇಳುತ್ತದೆ. ಇದನ್ನು ‘ಅಂಬೆಗಾಲಿಡುವಾಗ ತೆಗೆಯಿರಿ’ ಎಂದು ಚಂದವಾಗಿ ಬರೆಯುವುದು ಸುಲಭ, ಆದರೆ ತಪ್ಪು. ಮೈ ಎತ್ತುವುದು ಮೊದಲು, ಅಂಬೆಗಾಲು ಆಮೇಲೆ. ಆ ನಡುವೆಯೇ ಕೂಸಿನ ಕೈ ದಾರಕ್ಕೆ ಎಟುಕಿಬಿಡುತ್ತದೆ.

ಫೋಟೊ ಮಸುಕಾಗಿ ಅಂಕಿ 3 ಅಥವಾ 8 ಎಂಬ ಅನುಮಾನ ಬಂದರೆ, ಅಮೆರಿಕದ ಡಬ್ಬದಲ್ಲಿ ಅಕ್ಕಪಕ್ಕದ ಪದಗಳು ದಾರಿ ತೋರಿಸುತ್ತವೆ. ಸಣ್ಣ ಭಾಗಗಳ ಎಚ್ಚರಿಕೆಯಲ್ಲಿ ಇರುವುದು ಮೂರು, ರಬ್ಬರ್ ಬಲೂನಿನದರಲ್ಲಿ ಎಂಟು. ಊದದ ಬಲೂನು, ಒಡೆದ ಚೂರು ಗಂಟಲಿಗೆ ಅಂಟಿಕೊಂಡು ಮುಚ್ಚಿಬಿಡುತ್ತವೆ, ಅದಕ್ಕೇ ಅಲ್ಲಿ ವಯಸ್ಸು ಹೆಚ್ಚು. ಆದರೂ ಊಹೆಯಲ್ಲೇ ನಿಲ್ಲಬೇಡಿ, ಇನ್ನೊಂದು ಫೋಟೊ ಕೇಳಿ.

ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ನೆಂಟರ ಸೂಟ್‌ಕೇಸಿನಲ್ಲಿ ಬಂದದ್ದಕ್ಕೆ ಸಾಮಾನ್ಯವಾಗಿ ಅದಿರುವುದಿಲ್ಲ, ಡಬ್ಬದ ಬರಹವೇ ಗತಿ. ಆದ್ದರಿಂದ ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕಿನಲ್ಲಿ ಡಬ್ಬದ ಎಲ್ಲ ಮಗ್ಗುಲುಗಳನ್ನೂ ನೇರವಾಗಿ ಹಿಡಿದು ಫೋಟೊ ತೆಗೆಯಿರಿ, ಎಚ್ಚರಿಕೆಯ ಚೌಕವನ್ನು ಹತ್ತಿರದಿಂದ ಮತ್ತೊಮ್ಮೆ ತೆಗೆಯಿರಿ. ಉತ್ತರ ಬರುವ ತನಕ ಡಬ್ಬ ಬೀರುವಿನ ಮೇಲಿರಲಿ.