114 ತಾಲ್ಲೂಕುಗಳ ಲೆಕ್ಕ ತಪ್ಪದಂತೆ

ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಮಾತು ಬಂದಾಗಲೆಲ್ಲ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಪ್ರಸ್ತಾಪವಾಗುತ್ತದೆ. 2002ರಲ್ಲಿ ಸರ್ಕಾರದ ಕೈಸೇರಿದ ಈ ವರದಿಯ ಹೆಸರು ಹೇಳುವವರು ಬಹಳ, ಪೂರ್ತಿ ಓದಿದವರು ಕಡಿಮೆ. ಅದು ಅಷ್ಟು ದಪ್ಪ, ಅದರ ತುಂಬ ಕೋಷ್ಟಕಗಳು. ಇಂಥ ವರದಿಯ ಸ್ಕ್ಯಾನ್ ಪ್ರತಿಯನ್ನು ನಾಲ್ಕು ಜನ ಹಂಚಿಕೊಂಡು ಓದಿ, ಒಂದೇ ಸಾರಾಂಶ ಮಾಡಲು ಕೂತರೆನ್ನಿ. ಎಡವಟ್ಟು ಶುರುವಾಗುವುದು ಓದುವಾಗಲ್ಲ, ಹಂಚಿಕೊಳ್ಳುವಾಗ.

ಪುಟ ಎಣಿಸಿ, ತಲೆಗೆ ನೂರರಂತೆ ಪಾಲು ಮಾಡುವುದು ಸುಲಭ. ಆದರೆ ತಾಲ್ಲೂಕುಗಳ ಪಟ್ಟಿಯೊಂದು ನಡುವೆ ತುಂಡಾದರೆ ‘ಅತ್ಯಂತ ಹಿಂದುಳಿದ’ ಎಂಬ ಶೀರ್ಷಿಕೆ ಒಬ್ಬರ ಪಾಲಿನ ಕೊನೆಯ ಪುಟದಲ್ಲಿ ಉಳಿದು, ಬರೀ ಊರ ಹೆಸರುಗಳು ಮುಂದಿನವರ ಮೊದಲ ಪುಟಕ್ಕೆ ಬರುತ್ತವೆ. ಅವರು ಕೆಳಗೆ ಮೊದಲು ಕಂಡ ಶೀರ್ಷಿಕೆಗೆ ಆ ಹೆಸರುಗಳನ್ನು ಸೇರಿಸಿಬಿಡುತ್ತಾರೆ. ಆದ್ದರಿಂದ ಕತ್ತರಿ ಹಾಕಬೇಕಾದದ್ದು ಅಧ್ಯಾಯ ಮುಗಿಯುವ ಕಡೆ. ಅಧ್ಯಾಯವೇ ತೀರಾ ಉದ್ದವಾದರೆ ಉಪಶೀರ್ಷಿಕೆಯ ಬಳಿ ಕತ್ತರಿಸಿ, ಹಿಂದಿನ ತುಂಡಿನ ಕೊನೆಯ ಒಂದೆರಡು ಪುಟಗಳನ್ನು ಮುಂದಿನದಕ್ಕೂ ಸೇರಿಸಬೇಕು. ಕೋಷ್ಟಕವನ್ನಂತೂ ಮುರಿಯಲೇಬಾರದು.

ಹಂಚುವ ಮೊದಲು ಎರಡು ಹಾಳೆಗಳು ಸಿದ್ಧವಾಗಿರಬೇಕು. ಒಂದರಲ್ಲಿ ವರದಿಯ ಪರಿವಿಡಿಯಿಂದ ತೆಗೆದ ಶೀರ್ಷಿಕೆಗಳು. ಎಲ್ಲರೂ ಅವೇ ಶೀರ್ಷಿಕೆಗಳ ಕೆಳಗೆ, ಅದೇ ಕ್ರಮದಲ್ಲಿ ಬರೆಯುತ್ತಾರೆ. ಯಾವುದಾದರೂ ವಿಷಯ ಸಿಗದಿದ್ದರೆ ‘ನನ್ನ ಪಾಲಿನಲ್ಲಿ ಇಲ್ಲ’ ಎಂದು ಬರೆಯುವುದೇ ಸರಿ. ಬರೀ ‘ಇಲ್ಲ’ ಎಂದರೆ, ಜೋಡಿಸುವವರು ಆ ವಿಷಯ ವರದಿಯಲ್ಲೇ ಇಲ್ಲವೆಂದು ತಿಳಿಯುವ ಅಪಾಯವಿದೆ.

ಎರಡನೆಯದು ಪದಗಳ ಹಾಳೆ. ನಂಜುಂಡಪ್ಪ ವರದಿಗೆ ಇದು ತೀರಾ ಬೇಕು. ಸಮಿತಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿ, ಅವನ್ನು ಮತ್ತೆ ಮೂರು ದರ್ಜೆ ಮಾಡಿತು: ಅತ್ಯಂತ ಹಿಂದುಳಿದ 39, ಅತಿ ಹಿಂದುಳಿದ 40, ಹಿಂದುಳಿದ 35. ಮೂಲ ಇಂಗ್ಲಿಷಿನಲ್ಲಿದೆ. ಮೊದಲ ದರ್ಜೆಗೆ ಒಬ್ಬರು ‘ತೀರಾ ಹಿಂದುಳಿದ’, ಇನ್ನೊಬ್ಬರು ‘ಅತಿ ಹಿಂದುಳಿದ’ ಎಂದು ಬರೆದರೆ ಓದುಗರಿಗೆ ಮೊದಲೆರಡು ದರ್ಜೆಗಳು ಕಲಸಿಹೋಗುತ್ತವೆ. ಅದಕ್ಕಿಂತ ತೊಡಕಿನದು ‘ಹಿಂದುಳಿದ’ ಎಂಬ ಪದ. ಅದು ಕೆಲವೆಡೆ ಮೂರನೆಯ ದರ್ಜೆಯ ಹೆಸರು, ಕೆಲವೆಡೆ 114ಕ್ಕೂ ಸಲ್ಲುವ ಮಾತು. ಎರಡಕ್ಕೂ ಬೇರೆ ಬೇರೆ ಪದ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಕೊನೆಯಲ್ಲಿ ಯಾರೂ ಬಿಡಿಸಲಾರರು.

ಊರ ಹೆಸರೂ ಅದೇ ಹಾಳೆಗೆ ಸೇರಬೇಕು. ವರದಿಯ ಗುಲ್ಬರ್ಗ 2014ರಿಂದ ಕಲಬುರಗಿ. ರಾಮನಗರ, ಚಿಕ್ಕಬಳ್ಳಾಪುರ, ಯಾದಗಿರಿ ಜಿಲ್ಲೆಗಳಾದದ್ದು ವರದಿ ಬಂದ ಮೇಲೆ. ಯಾರೋ ಒಳ್ಳೆಯ ಮನಸ್ಸಿನಿಂದ ಯಾದಗಿರಿ ಜಿಲ್ಲೆ ಎಂದು ತಿದ್ದಿದರೆ ಜಿಲ್ಲಾವಾರು ಲೆಕ್ಕ ವರದಿಗೆ ಹೊಂದುವುದಿಲ್ಲ. ಹೆಸರು ಹೊಸದಿರಲಿ, ಗಡಿ ಮಾತ್ರ ವರದಿಯದೇ ಇರಲಿ.

ತುಂಡುಗಳನ್ನು ಜೋಡಿಸಿದ ಮೇಲೆ ತಪ್ಪು ಹಿಡಿಯುವುದು ಹೇಗೆ? ನಂಜುಂಡಪ್ಪ ವರದಿಯಲ್ಲಿ ಅದಕ್ಕೆ ದಾರಿ ಇದೆ. ಅತ್ಯಂತ ಹಿಂದುಳಿದ ತಾಲ್ಲೂಕುಗಳು ಗುಲ್ಬರ್ಗ ವಿಭಾಗದಲ್ಲಿ 21, ಬೆಂಗಳೂರಿನಲ್ಲಿ 11, ಬೆಳಗಾವಿಯಲ್ಲಿ 5, ಮೈಸೂರಿನಲ್ಲಿ 2. ಕೂಡಿದರೆ 39. ಬರೀ 114 ಬಂತೆಂದು ಸಮಾಧಾನಪಡುವಂತಿಲ್ಲ. ಬೆಂಗಳೂರು ವಿಭಾಗದ ಒಂದು ತಾಲ್ಲೂಕು ಮೊದಲ ದರ್ಜೆಯಿಂದ ಎರಡನೆಯದಕ್ಕೆ ಜಾರಿದರೂ ವಿಭಾಗದ ಮೊತ್ತ 33 ಆಗಿಯೇ ಇರುತ್ತದೆ, ರಾಜ್ಯದ್ದು 114 ಆಗಿಯೇ ಇರುತ್ತದೆ. ದರ್ಜೆವಾರು ಕೂಡಿದಾಗ ಮಾತ್ರ 38 ಮತ್ತು 41 ಕಂಡು ಕಳ್ಳ ಸಿಕ್ಕಿಬೀಳುತ್ತಾನೆ. ಅಡ್ಡಲಾಗಿಯೂ ಉದ್ದಕ್ಕೂ ಕೂಡಲೇಬೇಕು.

ಸ್ಕ್ಯಾನಿನದು ಬೇರೆಯೇ ಕಾಟ. ಚಿತ್ರವನ್ನು ಅಕ್ಷರವಾಗಿಸುವ ತಂತ್ರಾಂಶ ಮಸುಕಾದ 8ನ್ನು 3 ಅಥವಾ 6 ಎಂದು ಓದಬಹುದು. ತಾಲ್ಲೂಕಿನ ಅಭಿವೃದ್ಧಿ ಸೂಚ್ಯಂಕ 1ಕ್ಕಿಂತ ಕಡಿಮೆಯಿದ್ದರೆ ಹಿಂದುಳಿದದ್ದು. ಅತ್ಯಂತ ಹಿಂದುಳಿದವು 0.53ರಿಂದ 0.79ರೊಳಗೆ. 0.89 ಎಂಬುದು 0.39 ಆದರೆ ಕೂಡಲೇ ಅನುಮಾನ ಬರುತ್ತದೆ, ಅಷ್ಟು ಕೆಳಗೆ ಯಾವ ತಾಲ್ಲೂಕೂ ಇಲ್ಲ. 0.88 ಹೋಗಿ 0.86 ಆದರೆ ಎರಡೂ ಒಂದೇ ದರ್ಜೆಯೊಳಗಿನ ಅಂಕಿಗಳು, ಯಾವ ಕೂಡಿಕೆಯೂ ಹಿಡಿಯುವುದಿಲ್ಲ. ಸಾರಾಂಶಕ್ಕೆ ಬರುವ ಪ್ರತಿ ಸೂಚ್ಯಂಕವನ್ನೂ ಪುಟದ ಚಿತ್ರ ತೆರೆದು ಕಣ್ಣಾರೆ ನೋಡಬೇಕು.

ಹಾಗೆ ನೋಡಲು ಪುಟಸಂಖ್ಯೆ ಬೇಕಲ್ಲ! ಮುನ್ನುಡಿ, ಪರಿವಿಡಿಗಳ ಪುಟಗಳಿಂದಾಗಿ ಕಡತದ ಪುಟಸಂಖ್ಯೆಗೂ ಅಚ್ಚಿನ ಪುಟಸಂಖ್ಯೆಗೂ ತಾಳೆಯಾಗುವುದಿಲ್ಲ. ಕತ್ತರಿಸಿದ ಮೇಲೆ ಪ್ರತಿ ತುಂಡೂ ಮತ್ತೆ 1ರಿಂದ ಎಣಿಸುತ್ತದೆ. ಎಲ್ಲರೂ ಅಚ್ಚಿನ ಸಂಖ್ಯೆಯನ್ನೇ ಬರೆಯಬೇಕು. ಸಮಿತಿ ಎಂಟು ವರ್ಷಕ್ಕೆ ಶಿಫಾರಸು ಮಾಡಿದ ಮೊತ್ತ ಒಬ್ಬರ ಟಿಪ್ಪಣಿಯಲ್ಲಿ 31,000 ಕೋಟಿ, ಇನ್ನೊಬ್ಬರದರಲ್ಲಿ 16,000 ಕೋಟಿ ಎಂದಿದ್ದರೆ, ಎರಡೂ ಪುಟ ತೆರೆದಾಗಲೇ ಗೊತ್ತಾಗುವುದು: ಮೊದಲನೆಯದು ಒಟ್ಟು ಮೊತ್ತ, ಎರಡನೆಯದು ಅದರೊಳಗಿನ ವಿಶೇಷ ಹೆಚ್ಚುವರಿ ಅನುದಾನ. ಇಬ್ಬರೂ ಸರಿಯಾಗಿಯೇ ಬರೆದಿರುತ್ತಾರೆ.