ಪಟ್ಟಿ ಬಿಗಿಯಾದಾಗ ಬೆಲೆ ಎತ್ತ ಹೊರಳುತ್ತದೆ?

2018ರ ಸೆಪ್ಟೆಂಬರ್‌ನಿಂದ ನವೆಂಬರ್ ನಡುವಿನವರೆಗೆ ಬಿಟ್‌ಕಾಯಿನ್ ತನ್ನ ಸ್ವಭಾವವನ್ನೇ ಮರೆತಂತಿತ್ತು. ಒಂದೇ ದಿನದಲ್ಲಿ ಶೇಕಡಾ ಹತ್ತರಷ್ಟು ಏರಿಳಿಯಬಲ್ಲ ಆ ನಾಣ್ಯ ವಾರಗಟ್ಟಲೆ 6,400 ಡಾಲರ್ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಆಗ ಅದರ ನಕ್ಷೆಯನ್ನು ನೋಡಿದವರಿಗೆ ಬೆಲೆಯ ಮೇಲೊಂದು, ಕೆಳಗೊಂದು ಗೆರೆ ಹತ್ತಿರ ಹತ್ತಿರ ಬಂದು ಬೆಲೆಯನ್ನು ಒತ್ತಿ ಹಿಡಿದಂತೆ ಕಾಣುತ್ತಿತ್ತು. ಪೇಟೆಯ ಮಂದಿ ಇದನ್ನು ‘ಸ್ಕ್ವೀಜ್’ ಎನ್ನುತ್ತಾರೆ.

ಆ ಗೆರೆಗಳಿಗೆ ಬೋಲಿಂಜರ್ ಬ್ಯಾಂಡ್ ಎಂದು ಹೆಸರು. ಅಮೆರಿಕದ ಮಾರುಕಟ್ಟೆ ವಿಶ್ಲೇಷಕ ಜಾನ್ ಬೋಲಿಂಜರ್ 1980ರ ದಶಕದ ಆರಂಭದಲ್ಲಿ ಇವನ್ನು ರೂಪಿಸಿದರು. ನಡುವಿನ ಗೆರೆ ಕಳೆದ 20 ದಿನಗಳ ಮುಕ್ತಾಯದ ಬೆಲೆಗಳ ಸರಾಸರಿ. ಆ 20 ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ಶಾಲೆಯಲ್ಲಿ ಕಲಿತ ಮಾನಕ ವಿಚಲನೆಯಿಂದ ಅಳೆದು, ಅದರ ಎರಡರಷ್ಟನ್ನು ಸರಾಸರಿಗೆ ಕೂಡಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ.

ಲೆಕ್ಕ ತಿಳಿಯಲು ದುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಸರಾಸರಿ 6,400 ಡಾಲರ್, ಮಾನಕ ವಿಚಲನೆ 200 ಆಗಿದ್ದರೆ ಗೆರೆಗಳು 6,800 ಮತ್ತು 6,000ಕ್ಕೆ ಬೀಳುತ್ತವೆ. ನಡುವಿನ ಅಗಲ 800, ಅಂದರೆ ಸರಾಸರಿಯ ಶೇಕಡಾ 12.5. ಪೇಟೆ ತಣ್ಣಗಾಗಿ ವಿಚಲನೆ 50ಕ್ಕೆ ಇಳಿದರೆ ಗೆರೆಗಳು 6,500 ಮತ್ತು 6,300ಕ್ಕೆ ಬರುತ್ತವೆ. ಅಗಲ ಶೇಕಡಾ 3.1 ಮಾತ್ರ. ಈ ಶೇಕಡಾವಾರು ಅಗಲವೇ ‘ಬ್ಯಾಂಡ್‌ವಿಡ್ತ್’. ಎಷ್ಟಕ್ಕೆ ಇಳಿದರೆ ಸ್ಕ್ವೀಜ್ ಅನ್ನಬೇಕು ಎಂಬುದಕ್ಕೆ ಎಲ್ಲ ಷೇರುಗಳಿಗೂ ಹೊಂದುವ ಒಂದೇ ಅಂಕಿ ಇಲ್ಲ. ಆಯಾ ಷೇರು ಅಥವಾ ನಾಣ್ಯದ ಬ್ಯಾಂಡ್‌ವಿಡ್ತ್ ಆರು ತಿಂಗಳಲ್ಲೇ ಅತಿ ಕಡಿಮೆಗೆ ಇಳಿದಾಗ ಹಾಗೆ ಕರೆಯುವುದು ಬೋಲಿಂಜರ್ ಅವರ ಪದ್ಧತಿ. ಅಳತೆಗೋಲು ಅದರದೇ ಹಿಂದಿನ ನಡತೆ.

ಬಿಗಿದ ಪಟ್ಟಿ ದೊಡ್ಡ ಚಲನೆಯ ಸುಳಿವು ಕೊಟ್ಟರೂ ದಿಕ್ಕನ್ನು ಹೇಳುವುದಿಲ್ಲ. ಇದರ ಕಾರಣ ಲೆಕ್ಕದೊಳಗೇ ಇದೆ. ಮಾನಕ ವಿಚಲನೆಯಲ್ಲಿ ಪ್ರತಿ ವ್ಯತ್ಯಾಸವನ್ನೂ ವರ್ಗ ಮಾಡುತ್ತೇವೆ. ಬೆಲೆ ಸರಾಸರಿಗಿಂತ 100 ಡಾಲರ್ ಮೇಲಿದ್ದರೂ 100 ಡಾಲರ್ ಕೆಳಗಿದ್ದರೂ ವರ್ಗ 10,000ವೇ. ವರ್ಗ ಮಾಡಿದ ಕ್ಷಣದಲ್ಲೇ ಕೂಡು–ಕಳೆ ಗುರುತು ಅಳಿಸಿಹೋಗುತ್ತದೆ. ದಿಕ್ಕನ್ನು ಅಳಿಸಿ ಪಡೆದ ಅಂಕಿಯಿಂದ ಮತ್ತೆ ದಿಕ್ಕನ್ನು ಹೊರತೆಗೆಯಲು ಸಾಧ್ಯವೇ ಇಲ್ಲ. ‘ಸ್ಕ್ವೀಜ್ ಬಂದಿದೆ, ಇನ್ನು ಏರುತ್ತದೆ’ ಎಂದು ಯಾರಾದರೂ ಹೇಳಿದರೆ ಆ ‘ಏರುತ್ತದೆ’ ಎಂಬುದು ಪಟ್ಟಿ ಹೇಳಿದ್ದಲ್ಲ, ಅವರ ಆಸೆ ಹೇಳಿದ್ದು.

ಬಿಟ್‌ಕಾಯಿನ್ ಇದನ್ನು ಐದು ತಿಂಗಳೊಳಗೆ ಎರಡು ಬಾರಿ ತೋರಿಸಿತು. 2018ರ ನವೆಂಬರ್ 14ರಂದು, ಬಿಟ್‌ಕಾಯಿನ್ ಕ್ಯಾಶ್ ಎಂಬ ಸೋದರ ನಾಣ್ಯ ಇಬ್ಭಾಗವಾಗುವ ಹಿಂದಿನ ದಿನ, ಸುಮಾರು 6,300 ಡಾಲರ್‌ನಲ್ಲಿದ್ದ ಬೆಲೆ 5,600ಕ್ಕಿಂತ ಕೆಳಗೆ ಕುಸಿಯಿತು. ಡಿಸೆಂಬರ್ ನಡುವಿಗೆ ಅದು 3,200ರ ಹತ್ತಿರವಿತ್ತು. ಆಮೇಲೆ ಮತ್ತೆ ಮೌನ. 2019ರ ಮಾರ್ಚ್ ಪೂರ್ತಿ 4,000 ಡಾಲರ್ ಸುತ್ತಮುತ್ತಲೇ ಕಳೆಯಿತು, ಗೆರೆಗಳು ಪುನಃ ಹತ್ತಿರ ಸರಿದವು. ಏಪ್ರಿಲ್ 2ರಂದು ಬೆಲೆ ಮೇಲಕ್ಕೆ ಹಾರಿ 5,000ದ ಗಡಿ ಮುಟ್ಟಿತು. ಜೂನ್ ಕೊನೆಗೆ 13,000 ದಾಟಿತು. ಅದೇ ನಾಣ್ಯ, ಅದೇ ಬಗೆಯ ಬಿಗಿತ. ಒಮ್ಮೆ ಅರ್ಧಕ್ಕೆ ಇಳಿಯಿತು, ಇನ್ನೊಮ್ಮೆ ಮೂರುಪಟ್ಟಾಯಿತು.

ಮೌನದ ಬಳಿಕ ಅಬ್ಬರ ಏಕೆ? 1963ರಲ್ಲೇ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರೋ ಹತ್ತಿಯ ಬೆಲೆಗಳನ್ನು ಪರಿಶೀಲಿಸುತ್ತ, ದೊಡ್ಡ ಬದಲಾವಣೆಗಳ ಹಿಂದೆ ದೊಡ್ಡವೇ ಬರುತ್ತವೆ, ಸಣ್ಣವುಗಳ ಹಿಂದೆ ಸಣ್ಣವೇ ಬರುತ್ತವೆ, ದಿಕ್ಕು ಮಾತ್ರ ಯಾವುದೂ ಆಗಬಹುದು ಎಂಬುದನ್ನು ಗುರುತಿಸಿದ್ದರು. 1982ರಲ್ಲಿ ರಾಬರ್ಟ್ ಎಂಗಲ್ ಏರಿಳಿತದ ಈ ನಡತೆಯನ್ನು ಗಣಿತದ ಮಾದರಿಯಾಗಿಸಿದರು. 2003ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ದಿನದಿಂದ ದಿನಕ್ಕೆ ನೋಡಿದರೆ ಶಾಂತಿ ಶಾಂತಿಯನ್ನೇ ಹಿಂಬಾಲಿಸುತ್ತದೆ. ದೀರ್ಘಕಾಲದಲ್ಲಿ ಏರಿಳಿತ ತನ್ನ ವಾಡಿಕೆಯ ಮಟ್ಟಕ್ಕೆ ಮರಳುತ್ತದೆ. ಈ ಎರಡೂ ಒಟ್ಟಿಗೆ ನಿಜ. ಹಾಗಾಗಿ ಸ್ಕ್ವೀಜ್ ನಮಗೆ ತಾರೀಖನ್ನೂ ಕೊಡುವುದಿಲ್ಲ. ಇವತ್ತು ಬಿಗಿದ ಪಟ್ಟಿ ನಾಳೆಯೂ ಬಿಗಿಯಾಗಿಯೇ ಇರುವ ಸಂಭವ ಹೆಚ್ಚು.

ಇದರ ಜೊತೆಗೆ ಪೇಟೆಯ ಯಂತ್ರವೂ ಕೆಲಸ ಮಾಡುತ್ತದೆ. ಬೆಲೆ ಇಕ್ಕಟ್ಟಾದ ಹರವಿನಲ್ಲಿ ತಿಂಗಳುಗಟ್ಟಲೆ ಓಡಾಡಿದರೆ ವ್ಯಾಪಾರಿಗಳ ಸ್ಟಾಪ್‌ಲಾಸ್ ಆರ್ಡರ್‌ಗಳು ಆ ಹರವಿನ ಎರಡೂ ಅಂಚಿನಾಚೆ ಗುಡ್ಡೆ ಬೀಳುತ್ತವೆ. ಒಂದು ಅಂಚು ಒಡೆದರೆ ಅಲ್ಲಿನ ಆರ್ಡರ್‌ಗಳೆಲ್ಲ ಸರಣಿಯಾಗಿ ಜಾರಿಯಾಗಿ ಬೆಲೆಯನ್ನು ಅದೇ ದಿಕ್ಕಿಗೆ ಇನ್ನಷ್ಟು ತಳ್ಳುತ್ತವೆ.

ಅಂಚು ಒಡೆದದ್ದೆಲ್ಲ ನಿಜವಾದ ಆರಂಭವೂ ಅಲ್ಲ. ಬೋಲಿಂಜರ್ ಅವರೇ ಎಚ್ಚರಿಸಿದ ‘ಹೆಡ್ ಫೇಕ್’ ಎಂಬ ಮೋಸದ ಹೆಜ್ಜೆ ಇದೆ: ಬೆಲೆ ಮೊದಲು ಒಂದು ಕಡೆಗೆ ಹಾರಿ, ಆಮೇಲೆ ಎದುರು ದಿಕ್ಕಿಗೆ ಓಡುವುದು. 2018ರ ಅಕ್ಟೋಬರ್ 15ರಂದು, ಟೆಥರ್ ಎಂಬ ಡಾಲರ್ ಬೆಂಬಲಿತ ನಾಣ್ಯದ ಬಗ್ಗೆ ಭಯ ಹುಟ್ಟಿದಾಗ, ಬಿಟ್‌ಕಾಯಿನ್ ಕೆಲವು ಗಂಟೆ ಸರ್ರನೆ ಮೇಲೇರಿತ್ತು. ಅದನ್ನೇ ಏರಿಕೆಯ ಆರಂಭವೆಂದು ಕೊಂಡವರು ಒಂದು ತಿಂಗಳಲ್ಲಿ ಕುಸಿತದೊಳಗೆ ಸಿಕ್ಕರು. ಆ ದಿನದಂತೆ ದಿನದ ನಡುವೆ ಗೆರೆ ಮುಟ್ಟಿ ಹಿಂದಿರುಗುವುದಕ್ಕೂ, ವಹಿವಾಟಿನ ಪ್ರಮಾಣ ಹೆಚ್ಚಿ, ಗೆರೆಯಾಚೆಯೇ ದಿನ ಮುಗಿಯುವುದಕ್ಕೂ ಅಂತರವಿದೆ. ಎರಡನೆಯದೂ ಖಾತರಿಯಲ್ಲ, ಆದರೂ ಮೊದಲನೆಯದಕ್ಕಿಂತ ತೂಕದ್ದು. ಇನ್ನೊಂದು ಗುರುತೂ ಇದೆ. ನಿಜವಾದ ಹಿಗ್ಗುವಿಕೆಯಲ್ಲಿ ಎರಡೂ ಗೆರೆಗಳು ಬಾಯಿ ತೆರೆಯುತ್ತವೆ. ಬೆಲೆ ಕುಸಿಯುತ್ತಿದ್ದರೂ ಮೇಲಿನ ಗೆರೆ ಮೇಲಕ್ಕೇ ಏರುತ್ತದೆ. ಚದುರುವಿಕೆ ಹೆಚ್ಚಿತು ಎಂಬುದಷ್ಟೇ ಅದರ ಅರ್ಥ.

ಲೆಕ್ಕವೇ ಹುಟ್ಟಿಸುವ ಭ್ರಮೆಯೊಂದನ್ನು ಕಡಿಮೆ ಜನ ಗಮನಿಸುತ್ತಾರೆ. ಇಪ್ಪತ್ತು ದಿನಗಳ ಲೆಕ್ಕದಲ್ಲಿ ಪ್ರತಿದಿನ ಒಂದು ಹೊಸ ಬೆಲೆ ಸೇರುತ್ತದೆ, ಒಂದು ಹಳೆಯದು ಬಿಟ್ಟುಹೋಗುತ್ತದೆ. ವಾರದ ಏಳೂ ದಿನ ನಡೆಯುವ ಬಿಟ್‌ಕಾಯಿನ್ ಪೇಟೆಯಲ್ಲಿ ಅಕ್ಟೋಬರ್ 15ರ ಬೆಲೆ ನವೆಂಬರ್ 4ಕ್ಕೆ ಲೆಕ್ಕದಿಂದ ಹೊರಬಿತ್ತು. ಹೀಗೆ ಹಳೆಯ ದೊಡ್ಡ ನೆಗೆತ ಕಳಚಿಕೊಂಡಾಗ, ಆ ದಿನ ಪೇಟೆಯಲ್ಲಿ ಏನೂ ಬದಲಾಗದಿದ್ದರೂ ಪಟ್ಟಿ ತಟ್ಟನೆ ಕಿರಿದಾಗಬಹುದು. ಪಟ್ಟಿ ಕುಗ್ಗಿದ್ದು ಕಂಡರೆ ಹಿಂದೆ ಇಪ್ಪತ್ತು ದಿನ ಎಣಿಸಿ, ಅಲ್ಲಿ ದೊಡ್ಡ ಜಿಗಿತವಿತ್ತೇ ಎಂದು ನೋಡಿ. ಇದ್ದರೆ ಆ ಸುಳಿವಿಗೆ ಬೆಲೆ ಕಡಿಮೆ.

ಹಣ ಹೆಚ್ಚಾಗಿ ಹೋಗುವುದು ಈ ಭ್ರಮೆಯಿಂದಲ್ಲ, ಶಾಂತ ದಿನಗಳ ಧೈರ್ಯದಿಂದ. ಅಂಚುಗಳ ಅಂತರ ಕಿರಿದಾಗಿದ್ದಾಗ ಸ್ಟಾಪ್‌ಲಾಸನ್ನೂ ಹತ್ತಿರವೇ ಇಡಬಹುದು, ನಷ್ಟ ಅಷ್ಟೇ ತಾನೇ ಎಂದು ಜನ ಎರಡು ಮೂರು ಪಟ್ಟು ಹೆಚ್ಚು ಹಣ ಹೂಡುತ್ತಾರೆ, ಸಾಲದ ಹಣವನ್ನೂ ಹೂಡುತ್ತಾರೆ. ಹಿಗ್ಗುವಿಕೆ ಶುರುವಾದಾಗ ಬೆಲೆ ಆ ಸ್ಟಾಪ್‌ಲಾಸ್ ಮಟ್ಟದಲ್ಲಿ ನಿಲ್ಲದೆ ಅದನ್ನು ಹಾರಿ ದಾಟಬಹುದು. 6,250ಕ್ಕೆ ಇಟ್ಟ ಆರ್ಡರ್ ಅದಕ್ಕಿಂತ ಎಷ್ಟೋ ಕೆಳಗೆ ಜಾರಿಯಾದರೆ ನಷ್ಟದ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ಬಿಗಿದ ಪಟ್ಟಿಯನ್ನು ಯಾವ ಕಡೆ ಹೂಡಬೇಕು ಎಂಬುದಕ್ಕೆ ಬಳಸಬೇಡಿ, ಎಷ್ಟು ಹೂಡಬೇಕು ಎಂಬುದಕ್ಕೆ ಬಳಸಿ. ಬೆಲೆ ಅತ್ಯಂತ ಶಾಂತವಾಗಿ ಕಾಣುವ ದಿನವೇ ಮೊತ್ತವನ್ನು ತಗ್ಗಿಸಬೇಕಾದ ದಿನ.